ಹಿಂದಕ್ಕೆ ತಿರುಗುವ ಬಂಡಿಗಾಲಿ

ಅನಿಮೇಷನ್ ಚಿತ್ರದಲ್ಲಿ ಎತ್ತಿನ ಬಂಡಿ ಮುಂದಕ್ಕೆ ಓಡುತ್ತಿದ್ದರೂ ಅದರ ಗಾಲಿ ನಿಂತಂತೆಯೋ ಹಿಂದಕ್ಕೆ ತಿರುಗಿದಂತೆಯೋ ಕಾಣುವುದುಂಟು. ಇದೇ ಬಂಡಿಗಾಲಿ ಭ್ರಮೆ. ಗಾಲಿಯ ಅರಗಳೆಲ್ಲ ಒಂದೇ ಥರ ಇರುವುದು ಇದರ ಮೂಲ. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬಂದಾಗ ಯಾವ ಅರ ಎಲ್ಲಿಗೆ ಸರಿಯಿತು ಎಂಬುದು ಕಣ್ಣಿಗೆ ತಿಳಿಯದು. ತೀರ ಹತ್ತಿರದಲ್ಲಿ ಕಂಡ ಅರವನ್ನೇ ಅದು ಹಳೆಯ ಅರವೆಂದು ಎಣಿಸುತ್ತದೆ.

ಐದು ಅಡಿ ವ್ಯಾಸದ, 12 ಅರಗಳ ಗಾಲಿಯೊಂದನ್ನು ತೆಗೆದುಕೊಳ್ಳಬಹುದು. ಅರದಿಂದ ಅರಕ್ಕೆ 30 ಡಿಗ್ರಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಎತ್ತುಗಳು ಸೆಕೆಂಡಿಗೆ ಒಂದು ಮೀಟರ್‌ನಂತೆ ನಡೆದರೆ ಗಾಲಿ ಫ್ರೇಮಿಗೆ ಸುಮಾರು 3 ಡಿಗ್ರಿ ತಿರುಗುತ್ತದೆ. ಯಾವ ತೊಂದರೆಯೂ ಇಲ್ಲ. ಅದೇ ಬಂಡಿ ಓಟದ ಪಂದ್ಯದಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ನುಗ್ಗಿದರೆ ಫ್ರೇಮಿಗೆ 26 ಡಿಗ್ರಿ. ಹಿಂದಿನ ಅರ ಮುಂದಿನದರ ಜಾಗಕ್ಕೆ ಬರಲು 4 ಡಿಗ್ರಿಯಷ್ಟೇ ಬಾಕಿ. ನೋಡುವವರಿಗೆ ಗಾಲಿ 4 ಡಿಗ್ರಿ ಹಿಂದೆ ಸರಿದಂತೆ ಕಾಣುತ್ತದೆ.

ಅಂದರೆ ಎರಡು ಅರಗಳ ನಡುವಿನ ಅಂತರದ ಅರ್ಧ, ಇಲ್ಲಿ 15 ಡಿಗ್ರಿ, ದಾಟಬಾರದ ಗೆರೆ. ಕೈಯಿಂದ ಬಿಡಿಸುವವರು ಖರ್ಚು ಉಳಿಸಲು ಒಂದೇ ಚಿತ್ರವನ್ನು ಎರಡೆರಡು ಫ್ರೇಮ್ ತೋರಿಸುವುದು ರೂಢಿ. ಆಗ ಗಂಟೆಗೆ 9 ಕಿ.ಮೀ. ವೇಗಕ್ಕೇ ಚಿತ್ರದಿಂದ ಚಿತ್ರಕ್ಕೆ 16 ಡಿಗ್ರಿಯಾಗಿ ಗೆರೆ ದಾಟುತ್ತದೆ. ಸರಿಯಾಗಿ 15 ಡಿಗ್ರಿಯಾದರಂತೂ ದಿಕ್ಕೇ ಇಲ್ಲದೆ ಅರಗಳು ಮಿಣುಕುತ್ತವೆ.

ಲೆಕ್ಕಕ್ಕೆ ನಿಷ್ಠರಾಗಿರುವುದೇ ಇಲ್ಲಿ ತಪ್ಪು. ಅನುಭವಿಗಳು ವೇಗದ ಬಂಡಿಯ ಗಾಲಿಯನ್ನು ನಿಜದ 26ರ ಬದಲು 10 ಡಿಗ್ರಿಯಷ್ಟೇ ತಿರುಗಿಸುತ್ತಾರೆ. 0, 10, 20 ಎಂದು ಮೂರು ಚಿತ್ರ ಬಿಡಿಸಿದರೆ ಸಾಕು, ನಾಲ್ಕನೆಯದು ಮೊದಲನೆಯದೇ. ವೇಗದ ಭಾವ ಬರುವುದು ಮಸುಕಿನಿಂದ: ಅರದ ಅಂಚನ್ನು ಗುಂಬದ ಬಳಿ ಚೂಪಾಗಿಟ್ಟು, ಹೊರಸುತ್ತಿನ ಕಡೆಗೆ ಹೋದಂತೆ ಅಗಲವಾಗಿ ಅಳಿಸಬೇಕು. ಅಲ್ಲಿ ಮರ ಚಲಿಸುವ ದೂರ ಹೆಚ್ಚು.

ಸೈಕಲ್ಲಿನಲ್ಲಿ ಈ ಉಪಾಯ ನಡೆಯದು. 36 ಕಡ್ಡಿಗಳಿರುವ 28 ಇಂಚಿನ ಚಕ್ರದಲ್ಲಿ ಕಡ್ಡಿಗಳ ಅಂತರ 10 ಡಿಗ್ರಿ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಚಕ್ರ ಫ್ರೇಮಿಗೆ 28 ಡಿಗ್ರಿ ತಿರುಗುತ್ತದೆ. ಎಲ್ಲ ಕಡ್ಡಿಗಳನ್ನೂ ಬಿಡಿಸಿದರೆ ಚಕ್ರ ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಹಾಗಾಗಿ ಕಡ್ಡಿಗಳನ್ನು ತಿಳಿಬೂದು ತಟ್ಟೆಯಾಗಿಸಿ, ಗಾಳಿ ತುಂಬುವ ವಾಲ್ವನ್ನು ಮಾತ್ರ ಸ್ಪಷ್ಟವಾಗಿ ತೋರಿಸುವುದು ವಾಸಿ. ಚಕ್ರಕ್ಕೆ ವಾಲ್ವ್ ಒಂದೇ ಇರುವುದರಿಂದ ಅರ್ಧ ಸುತ್ತಿನವರೆಗೂ ಅದು ದಿಕ್ಕು ತಪ್ಪಿಸುವುದಿಲ್ಲ.

ನಿಧಾನದ ನಡಿಗೆಗೆ ಮಾತ್ರ ಸುಳ್ಳು ಲೆಕ್ಕ ಹೊಂದುವುದಿಲ್ಲ. ಗಾಲಿ ತಿರುಗಿದ್ದಕ್ಕೂ ನೆಲ ಸರಿದದ್ದಕ್ಕೂ ತಾಳೆಯಾಗದಿದ್ದರೆ ಬಂಡಿ ಜಾರಿದಂತೆ ಕಾಣುತ್ತದೆ. ಓಡುವ ಬಂಡಿ ನಿಲ್ಲುವ ದೃಶ್ಯದಲ್ಲಿ, ವೇಗ 15 ಡಿಗ್ರಿಯ ಗೆರೆಯ ಕೆಳಗೆ ಸಾಕಷ್ಟು ಇಳಿದ ಮೇಲೆ ಮಸುಕು ತೆಗೆದು ನಿಜದ ಲೆಕ್ಕಕ್ಕೆ ಬರಬೇಕು; ಆ ಬದಲಾವಣೆಯನ್ನು ಗಾಲಿಯೆಬ್ಬಿಸಿದ ಧೂಳಿನ ಮರೆಯಲ್ಲಿ ಮುಗಿಸುವುದು ಸುಲಭ.