ನಲವತ್ತು ಡಿಗ್ರಿಯ ಚೆಂದದ ತಪ್ಪು

ಒಂದು ಬಕೆಟ್‌ನಲ್ಲಿ 80 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರು, ಇನ್ನೊಂದರಲ್ಲಿ 20 ಡಿಗ್ರಿಯ ತಣ್ಣೀರು, ಎರಡೂ ಒಂದೊಂದು ಕಿಲೋ. ನಡುವೆ ಉಷ್ಣಯಂತ್ರವೊಂದನ್ನಿಟ್ಟು, ಎರಡರ ಬಿಸಿಯೂ ಒಂದೇ ಆಗುವವರೆಗೆ ಓಡಿಸಿದರೆ ಹೆಚ್ಚೆಂದರೆ ಎಷ್ಟು ಕೆಲಸ ಸಿಕ್ಕೀತು? ಗೇಟ್ ಪರೀಕ್ಷೆಯಲ್ಲಿ ಇಂಥ ಪ್ರಶ್ನೆಗಳಿಗೆ ಆಯ್ಕೆಗಳಿರುವುದಿಲ್ಲ, ಒಂದು ಸಂಖ್ಯೆ ಬರೆದು ಬರಬೇಕು ಅಷ್ಟೇ. ದಾರಿ ತಪ್ಪಿದ್ದೀರಿ ಎಂದು ಹೇಳುವವರು ಯಾರೂ ಇಲ್ಲ.

ಸ್ನಾನಕ್ಕೆ ಬೆರೆಸುವಂತೆ ಎರಡನ್ನೂ ಸುಮ್ಮನೆ ಬೆರೆಸಿದರೆ ನೀರು 50 ಡಿಗ್ರಿಗೆ ಬರುತ್ತದೆ, ಕೆಲಸ ಸೊನ್ನೆ. ಯಂತ್ರವಿದ್ದರೆ ಒಂದಿಷ್ಟು ಶಾಖ ಕೆಲಸವಾಗಿ ಹೊರಗೆ ಹೋಗುವುದರಿಂದ ನೀರು 50ಕ್ಕಿಂತ ಕೆಳಗೆ ನಿಲ್ಲಬೇಕು. ಎಷ್ಟು ಕೆಳಗೆ ಎನ್ನುವುದನ್ನು ಎಂಟ್ರೋಪಿ ಹೇಳುತ್ತದೆ.

ಹರಿದ ಶಾಖವನ್ನು, ಅದು ಹರಿಯುವಾಗಿನ ಕೆಲ್ವಿನ್ ತಾಪಮಾನದಿಂದ ಭಾಗಿಸಿದರೆ ಸಿಗುವುದು ಎಂಟ್ರೋಪಿಯ ಬದಲಾವಣೆ. ಬಿಸಿನೀರು 353 ಕೆಲ್ವಿನ್‌ನಲ್ಲಿ 1000 ಜೂಲ್ ಕೊಟ್ಟರೆ ಅದರ ಎಂಟ್ರೋಪಿ 2.83 ಇಳಿಯುತ್ತದೆ. ಅಷ್ಟೂ ಶಾಖ 293 ಕೆಲ್ವಿನ್‌ನ ತಣ್ಣೀರಿಗೆ ಸೇರಿದರೆ ಅಲ್ಲಿ 3.41 ಏರುತ್ತದೆ. ಆದರ್ಶ ಯಂತ್ರದಲ್ಲಿ ಏರಿಕೆ ಇಳಿಕೆಗಳು ಸರಿಹೋಗಬೇಕು. ಹಾಗಾಗಿ ತಣ್ಣೀರಿಗೆ 830 ಜೂಲ್ ಮಾತ್ರ ಕೊಟ್ಟು, ಉಳಿದ 170 ಜೂಲನ್ನು ಕೆಲಸವಾಗಿ ತೆಗೆಯಬಹುದು. 1824ರಲ್ಲಿ ಸಾದಿ ಕಾರ್ನೋ ತೋರಿಸಿದ ಮಿತಿ ಇದೇ: ಇಲ್ಲಿ ಶೇ. 17.

ಆದರೆ ಇದು ಮೊದಲ ಕ್ಷಣದ ದಕ್ಷತೆ. ಬಿಸಿನೀರು ತಣಿಯುತ್ತ, ತಣ್ಣೀರು ಕಾಯುತ್ತ ಹೋದಂತೆ ದಕ್ಷತೆಯೂ ಕುಸಿದು ಕೊನೆಗೆ ಸೊನ್ನೆಯಾಗುತ್ತದೆ. ಶೇ. 17ನ್ನೇ ಕೊನೆವರೆಗೂ ಗುಣಿಸಿದವರಿಗೆ ಕೆಲಸ ಸುಮಾರು ಎರಡು ಪಟ್ಟು ಬರುತ್ತದೆ.

ಒಟ್ಟು ಎಂಟ್ರೋಪಿ ಬದಲಾಗಬಾರದೆಂದರೆ ಬಿಸಿನೀರು ಯಾವ ಅನುಪಾತದಲ್ಲಿ ಇಳಿಯಿತೋ ಅದೇ ಅನುಪಾತದಲ್ಲಿ ತಣ್ಣೀರು ಏರಬೇಕು. ಅಂದರೆ ಕೊನೆಯ ತಾಪಮಾನ, 353 ಮತ್ತು 293ರ ಗುಣಲಬ್ಧದ ವರ್ಗಮೂಲ: 321.6 ಕೆಲ್ವಿನ್, ಹೆಚ್ಚುಕಡಿಮೆ 48.5 ಡಿಗ್ರಿ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಕಾಯಿಸಲು 4.18 ಕಿಲೋಜೂಲ್ ಬೇಕು. ಬಿಸಿನೀರು ಕೊಟ್ಟದ್ದು 131 ಕಿಲೋಜೂಲ್, ತಣ್ಣೀರು ಪಡೆದದ್ದು ಸುಮಾರು 119.5. ವ್ಯತ್ಯಾಸವೇ ಉತ್ತರ: 11.7 ಕಿಲೋಜೂಲ್.

ಇನ್ನು ಆ ಚೆಂದದ ತಪ್ಪು. ಕೆಲ್ವಿನ್ ಮರೆತು 80 ಮತ್ತು 20ನ್ನೇ ಗುಣಿಸಿದರೆ 1600, ವರ್ಗಮೂಲ ನೇರವಾಗಿ 40! ಇಷ್ಟು ಸಲೀಸಾಗಿ ಬಂದ ಸಂಖ್ಯೆಯನ್ನು ಅನುಮಾನಿಸುವ ಮನಸ್ಸು ಯಾರಿಗೆ ಬರುತ್ತದೆ? ಅದರಿಂದ ಹೊರಡುವ ಕೆಲಸ 83.6 ಕಿಲೋಜೂಲ್. ಆದರೆ 40 ಡಿಗ್ರಿಗೆ ಇಳಿಯುವಾಗ ಬಿಸಿನೀರು ಕೊಡುವುದೇ 167.2. ಅಲ್ಲಿಗೆ ದಕ್ಷತೆ ಶೇ. 50 ಆಯಿತು. ಮೊದಲ ಕ್ಷಣದಲ್ಲೇ ಶೇ. 17 ದಾಟಲಾಗದ ಯಂತ್ರಕ್ಕೆ ಇದು ಆಗದ ಮಾತು. ಸರಿಯುತ್ತರದ ಸರಾಸರಿ ದಕ್ಷತೆ ಶೇ. 9ರ ಹತ್ತಿರ, 17 ಮತ್ತು ಸೊನ್ನೆಯ ನಡುವೆಯೇ ಕೂರುತ್ತದೆ.

ಸುಮ್ಮನೆ ಬೆರೆಸಿದಾಗ ಹುಟ್ಟುವ ಎಂಟ್ರೋಪಿಯನ್ನೂ ಲೆಕ್ಕ ಹಾಕಿದೆ: ಕೆಲ್ವಿನ್‌ಗೆ 36 ಜೂಲ್. ಅದನ್ನು 322 ಕೆಲ್ವಿನ್‌ನಿಂದ ಗುಣಿಸಿದರೆ ಮತ್ತೆ ಸುಮಾರು 11.7 ಕಿಲೋಜೂಲೇ ಸಿಗುತ್ತದೆ. ದಿನಾ ಬೆಳಿಗ್ಗೆ ಬಚ್ಚಲುಮನೆಯಲ್ಲಿ ನೀರು ಬೆರೆಸುವಾಗ ನಾವು ಕೈಬಿಡುವ ಕೆಲಸ ಅದು.