ಕಂಟೇನರ್ ಬಂದರಿಗೆ ಮುಟ್ಟಿತು, ಬಾಡಿಗೆ ಏರಿತು: ರಫ್ತು ಕಾಗದಗಳ ಜೊತೆ ಕಳಿಸುವ ಮೇಲ್‌ನಲ್ಲಿ ಏನು ಬರೀಬೇಕು?

ಬ್ಯಾಡಗಿ: ಮುಂಬೈ ಪಾರ್ಟಿಗೆ ಮಾಲು ಕೊಡೋದು ಬಿಟ್ಟು ತಾವೇ ನೇರವಾಗಿ ದುಬೈಗೆ ಮೆಣಸಿನಕಾಯಿ ಕಳಿಸಿದ ಇಲ್ಲಿನ ವರ್ತಕರೊಬ್ಬರಿಗೆ ಮೊದಲ ಕಂಟೇನರ್‌ನಲ್ಲೇ ಕೈ ಸುಟ್ಟಿತು. ಮಾಲಿನಲ್ಲಿ ದೋಷ ಇರಲಿಲ್ಲ. ಬಣ್ಣ, ತೇವಾಂಶ, ತೂಕ ಎಲ್ಲಾ ಸರಿ ಇತ್ತು. ಕಾಗದಗಳೂ ಸರಿ ಇದ್ದವು. ತಪ್ಪಿದ್ದು ಕಾಗದಗಳ ಜೊತೆ ಹೋದ ಒಂದೇ ಸಾಲಿನ ಮೇಲ್‌ನಲ್ಲಿ.

ಆ ಮೇಲ್‌ನಲ್ಲಿ ಇದ್ದದ್ದು ಇಷ್ಟೇ: ಶಿಪ್ಪಿಂಗ್ ಕಾಗದಗಳನ್ನು ಲಗತ್ತಿಸಿದೆ, ದಯವಿಟ್ಟು ನೋಡಿ. ಕೆಳಗೆ ಆರು ಪಿಡಿಎಫ್. ಹೆಸರು `scan001.pdf`, `scan002.pdf` ಹೀಗೆ. ದುಬೈ ಖರೀದಿದಾರ ಅದನ್ನು ಹಾಗೇ ತನ್ನ ಕ್ಲಿಯರಿಂಗ್ ಏಜೆಂಟ್‌ಗೆ ದಾಟಿಸಿದ. ಒರಿಜಿನಲ್ ಕೊರಿಯರ್‌ನಲ್ಲಿ ಬರುತ್ತಿದೆ ಅಂತ ಏಜೆಂಟ್ ಅಂದುಕೊಂಡ. ಒರಿಜಿನಲ್ ಮಾತ್ರ ಬ್ಯಾಡಗಿಯ ಅಂಗಡಿ ಕಪಾಟಿನಲ್ಲೇ ಇತ್ತು.

"ಬಾಕಿ ರೊಕ್ಕ ಬರ್ಲಿ, ಆಮ್ಯಾಲೆ ಕಳಸೂಣು ಅಂತ ನಾವು ಕುಂತಿದ್ವಿ. ಕಾಗದ ಬರ್ಲಿ, ಆಮ್ಯಾಲೆ ರೊಕ್ಕ ಹಾಕೂಣು ಅಂತ ಅವರು ಕುಂತಿದ್ರು. ಕಂಟೇನರ್ ಬಿಸಿಲಾಗ ನಿಂತಿತ್ತು," ಅಂತಾರೆ ಆ ವರ್ತಕರು. ಹನ್ನೊಂದು ದಿನ ಹೀಗೇ ಹೋಯಿತು. ಫ್ರೀ ದಿನಗಳು ಮುಗಿದ ಮೇಲೆ ಬಂದರಿನಲ್ಲಿ ದಿನದ ಲೆಕ್ಕದಲ್ಲಿ ಬಾಡಿಗೆ ಬಿತ್ತು. ಅರ್ಧ ನೀವು ಕೊಡಿ ಅಂತ ಖರೀದಿದಾರ ಪಟ್ಟು ಹಿಡಿದ. ಕೊಡಬೇಕಾಯಿತು.

ಹಡಗು ಮುಂದೆ, ಕಾಗದ ಹಿಂದೆ

ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಿಂದ ದುಬೈನ ಜೆಬೆಲ್ ಅಲಿಗೆ ಸಮುದ್ರದ ದಾರಿ ಬಹಳ ದೂರದ್ದಲ್ಲ. ನೇರ ಹಡಗಾದರೆ ಸಾಮಾನ್ಯವಾಗಿ ವಾರದೊಳಗೆ ಮುಟ್ಟುತ್ತದೆ. ಆದರೆ ಹಡಗು ಬಿಟ್ಟ ಮೇಲೇ ಶಿಪ್ಪಿಂಗ್ ಲೈನ್ ಬಿಲ್ ಆಫ್ ಲೇಡಿಂಗ್ ಕೊಡೋದು. ಅದು ಮುಂಬೈನಿಂದ ಬ್ಯಾಡಗಿಗೆ ಬಂದು, ಮತ್ತೆ ಕೊರಿಯರ್‌ನಲ್ಲಿ ದುಬೈಗೆ ಹೋಗೋ ಹೊತ್ತಿಗೆ ಮಾಲು ಆಗಲೇ ಅಲ್ಲಿ ಇಳಿದಿರುತ್ತದೆ. ಯುರೋಪ್‌ಗೆ ಕಳಿಸುವವರಿಗೆ ವಾರಗಟ್ಟಲೆ ಟೈಮ್ ಸಿಗುತ್ತೆ, ಗಲ್ಫ್‌ಗೆ ಕಳಿಸುವವರಿಗೆ ಸಿಗಲ್ಲ. ಹಾಗಾಗಿ ಯಾವ ಕಾಗದ ಎಲ್ಲಿದೆ, ಅದನ್ನು ಹಿಡಿದು ಯಾರು ಏನು ಮಾಡಬೇಕು ಅನ್ನೋದನ್ನು ಮೇಲ್‌ನಲ್ಲೇ ಹೇಳಿಬಿಡಬೇಕು.

ಬಿಎಲ್ ಒಂದೇ ಬೇರೆ ಜಾತಿ

ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಬರೀ ಲೆಕ್ಕದ ಕಾಗದಗಳು. ಬಿಲ್ ಆಫ್ ಲೇಡಿಂಗ್, ಅಂದರೆ ಎಲ್ಲರೂ ಬಿಎಲ್ ಅನ್ನೋದು, ಹಾಗಲ್ಲ. ಒರಿಜಿನಲ್ ಬಿಎಲ್ ಯಾರ ಕೈಲಿದೆಯೋ ಅವರೇ ಮಾಲು ಬಿಡಿಸಿಕೊಳ್ಳಬಹುದು. ಸಾಮಾನ್ಯವಾಗಿ ಮೂರು ಒರಿಜಿನಲ್ ಕೊಡುತ್ತಾರೆ. ಅದರಲ್ಲಿ ಒಂದನ್ನು ಅಲ್ಲಿನ ಶಿಪ್ಪಿಂಗ್ ಲೈನ್ ಆಫೀಸಿಗೆ ಒಪ್ಪಿಸಿ ಡೆಲಿವರಿ ಆರ್ಡರ್ ತಗೊಂಡರೆ ಉಳಿದ ಎರಡಕ್ಕೆ ಬೆಲೆ ಇಲ್ಲ. ಆದ್ದರಿಂದ ಬಾಕಿ ಹಣ ಬರೋವರೆಗೆ ಮೂರನ್ನೂ ಕೈಯಲ್ಲೇ ಇಟ್ಟುಕೊಳ್ಳೋದು ರೂಢಿ. ಮೇಲ್‌ಗೆ ಹಾಕೋದು ಮಾರಾಟಕ್ಕೆ ಬಾರದ ಕಾಪಿ, ಅಂದರೆ ಮೇಲೆ `NON-NEGOTIABLE` ಅಂತ ಇರೋದು.

ಇದಕ್ಕೆ ಇನ್ನೊಂದು ದಾರಿ ಇದೆ. ಹಣ ಬಂದ ಮೇಲೆ ಮೂರೂ ಒರಿಜಿನಲ್‌ಗಳನ್ನು ಇಲ್ಲೇ ಲೈನ್ ಆಫೀಸಿಗೆ ವಾಪಸ್ ಕೊಟ್ಟರೆ, ಅವರು ದುಬೈ ಆಫೀಸಿಗೆ ಮಾಲು ಬಿಡಿ ಅಂತ ತಿಳಿಸುತ್ತಾರೆ. ಟೆಲೆಕ್ಸ್ ರಿಲೀಸ್ ಅನ್ನೋದು ಇದಕ್ಕೇ. ಟೆಲೆಕ್ಸ್ ಮಷೀನು ಹೋಗಿ ಎಷ್ಟೋ ಕಾಲ ಆಯ್ತು, ಹೆಸರು ಮಾತ್ರ ಉಳಿದಿದೆ. ಇದರಲ್ಲಿ ಕೊರಿಯರ್‌ನಲ್ಲಿ ಬಿಎಲ್ ಹೋಗೋದೇ ಇಲ್ಲ. ಖರೀದಿದಾರನಿಗೆ ಇವೆರಡರಲ್ಲಿ ಯಾವುದು ಅಂತ ಗೊತ್ತಿಲ್ಲದಿದ್ದರೆ ಬಾರದ ಕೊರಿಯರ್‌ಗೆ ಕಾದು ಕೂರುತ್ತಾನೆ. ಬ್ಯಾಡಗಿ ವರ್ತಕರ ಕಥೆಯಲ್ಲಿ ಆಗಿದ್ದೂ ಹೆಚ್ಚುಕಡಿಮೆ ಇದೇ.

ಲೆಕ್ಕ ಹಿಡಿದು ನೋಡೋಣ

ಒಂದು ಉದಾಹರಣೆ. 40 ಅಡಿ ಕಂಟೇನರ್, ತೊಟ್ಟು ಸಹಿತ ಬ್ಯಾಡಗಿ ಮೆಣಸಿನಕಾಯಿ, 25 ಕೆಜಿಯ 500 ಚೀಲ. ನಿವ್ವಳ 12,500 ಕೆಜಿ. ಖಾಲಿ ಚೀಲ 200 ಗ್ರಾಂ ಹಿಡಿದರೆ ಒಟ್ಟು ತೂಕ 12,600 ಕೆಜಿ. ಕೆಜಿಗೆ 2.80 ಡಾಲರ್ ಅಂದರೆ 35,000 ಡಾಲರ್. 30 ಪರ್ಸೆಂಟ್ ಮುಂಗಡ 10,500 ಬಂದಿದೆ, 24,500 ಬಾಕಿ. ವ್ಯಾಪಾರ ಸಿಎಫ್‌ಆರ್, ಅಂದರೆ ಹಡಗಿನ ಬಾಡಿಗೆ ನಮ್ಮದು, ವಿಮೆ ಖರೀದಿದಾರನದು. ಆದ್ದರಿಂದ ವಿಮೆ ಕಾಗದ ನಮ್ಮ ಕಟ್ಟಿನಲ್ಲಿ ಇರಲ್ಲ.

ಸಬ್ಜೆಕ್ಟ್ ಸಾಲಿನಲ್ಲಿ ಇನ್‌ವಾಯ್ಸ್ ನಂಬರು, ಬಿಎಲ್ ನಂಬರು, ಕಂಟೇನರ್ ನಂಬರು, ಹಡಗು ಮುಟ್ಟುವ ತಾರೀಖು ಇರಲಿ. ಏಜೆಂಟ್‌ನ ಇನ್‌ಬಾಕ್ಸ್‌ನಲ್ಲಿ ದಿನಕ್ಕೆ ಇಂಥವು ಎಷ್ಟೋ ಬರುತ್ತವೆ, ಆತ ಕಂಟೇನರ್ ನಂಬರ್ ಹಾಕಿಯೇ ಹುಡುಕೋದು. ಫೈಲ್‌ಗಳ ಹೆಸರು ಮೇಲ್‌ನೊಳಗಿನ ಕ್ರಮಸಂಖ್ಯೆಗೆ ಹೊಂದಬೇಕು:

```
01_Invoice.pdf
02_PackingList.pdf
03_BL_copy.pdf
04_COO.pdf
05_Phyto.pdf
06_LabReport.pdf
```

ಮೇಲ್ ಇಂಗ್ಲಿಷಿನಲ್ಲೇ ಹೋಗುತ್ತದೆ. ಒಳಗಿನ ವಿಷಯ ಕನ್ನಡದಲ್ಲಿ ಹೇಳಿದರೆ ಹೀಗಿರುತ್ತದೆ:

"ನಿಮ್ಮ ಮಾಲು 10ನೇ ತಾರೀಖು ನ್ಹಾವಾ ಶೇವಾ ಬಿಟ್ಟಿದೆ, 15ಕ್ಕೆ ಜೆಬೆಲ್ ಅಲಿ ಮುಟ್ಟುವ ನಿರೀಕ್ಷೆ. ಆರು ಕಾಗದ ಲಗತ್ತಿಸಿದೆ. ನಿಮ್ಮಿಂದ ಆಗಬೇಕಾದ ಕೆಲಸ ಎರಡು: 12ರೊಳಗೆ ಹೆಸರು, ತೂಕ ನೋಡಿ ಸರಿ ಇದೆ ಅಂತ ಉತ್ತರಿಸಿ, 13ರೊಳಗೆ ಬಾಕಿ 24,500 ಡಾಲರ್ ಹಾಕಿ ಬ್ಯಾಂಕಿನ ಸ್ವಿಫ್ಟ್ ಕಾಪಿ ಕಳಿಸಿ. ಹಣ ನಮ್ಮ ಖಾತೆಗೆ ಬಂದ ದಿನವೇ ಒರಿಜಿನಲ್‌ಗಳನ್ನು ಕೊರಿಯರ್ ಮಾಡಿ ನಂಬರ್ ತಿಳಿಸುತ್ತೇವೆ.

1. ಇನ್‌ವಾಯ್ಸ್, 1 ಪುಟ. ಸಹಿ ಮಾಡಿದ ಒರಿಜಿನಲ್ ಕೊರಿಯರ್‌ನಲ್ಲಿ ಬರುತ್ತದೆ. ಕಸ್ಟಮ್ಸ್ ಡಿಕ್ಲರೇಷನ್‌ಗೆ ಇದನ್ನು ಬಳಸಿ. ಎಚ್‌ಎಸ್ ಕೋಡ್ 0904.21.

2. ಪ್ಯಾಕಿಂಗ್ ಲಿಸ್ಟ್, 1 ಪುಟ. 500 ಚೀಲ, ನಿವ್ವಳ 12,500 ಕೆಜಿ, ಒಟ್ಟು 12,600 ಕೆಜಿ. ಗೋದಾಮಿನಲ್ಲಿ ಚೀಲ ಎಣಿಸುವವರಿಗೆ ಕೊಡಿ.

3. ಬಿಎಲ್, ಬರೀ ಕಾಪಿ. ಇದರ ಮೇಲೆ ಮಾಲು ಸಿಗುವುದಿಲ್ಲ. ಮೂರು ಒರಿಜಿನಲ್ ನಮ್ಮ ಕೈಲಿವೆ. ಟೆಲೆಕ್ಸ್ ರಿಲೀಸ್ ಬೇಕಿದ್ದರೆ 12ರೊಳಗೆ ಹೇಳಿ, ಆಗ ಬಿಎಲ್ ಕೊರಿಯರ್‌ನಲ್ಲಿ ಬರುವುದಿಲ್ಲ.

4. ಸರ್ಟಿಫಿಕೇಟ್ ಆಫ್ ಒರಿಜಿನ್. ಸುಂಕ ರಿಯಾಯಿತಿ ಕೇಳುವುದಿದ್ದರೆ ಡಿಕ್ಲರೇಷನ್ ಜೊತೆಗೇ ಕೊಡಿ.

5. ಫೈಟೊಸ್ಯಾನಿಟರಿ ಸರ್ಟಿಫಿಕೇಟ್. ಒರಿಜಿನಲ್ ಕೊರಿಯರ್‌ನಲ್ಲಿ. ಈಗ ಕಾಪಿಯನ್ನು ಏಜೆಂಟ್‌ಗೆ ತೋರಿಸಿ, ಅಲ್ಲಿನ ತಪಾಸಣೆಗೆ ಸಾಕೇ ಎಂದು ಕೇಳಿ.

6. ಲ್ಯಾಬ್ ರಿಪೋರ್ಟ್, ಅಫ್ಲಾಟಾಕ್ಸಿನ್ ಪರೀಕ್ಷೆಯದು. ಲಾಟ್ ನಂಬರ್ ಚೀಲದ ಮೇಲಿನದೇ. ಆಹಾರ ತಪಾಸಣೆಯವರು ಕೇಳಿದರೆ ಕೊಡಿ."

ಇಲ್ಲಿ ಮಾಡಬೇಕಾದ ಕೆಲಸ ಮೊದಲು, ಪಟ್ಟಿ ಆಮೇಲೆ ಬಂದಿದೆ. ಮೊಬೈಲ್‌ನಲ್ಲಿ ಮೇಲ್ ತೆರೆಯುವ ಖರೀದಿದಾರ ಮೊದಲ ನಾಲ್ಕು ಸಾಲು ಓದುತ್ತಾನೆ, ಪಟ್ಟಿ ಓದೋದು ಏಜೆಂಟ್. 4ನೇ ಕಾಗದದ ಬಗ್ಗೆ ಒಂದು ಮಾತು: ಭಾರತ ಮತ್ತು ಯುಎಇ ನಡುವಿನ ಸೆಪಾ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಅದರ ಅಡಿಯ ರಿಯಾಯಿತಿಗೆ ಬೇರೆಯದೇ ನಮೂನೆಯ ಸರ್ಟಿಫಿಕೇಟ್ ಬೇಕು, ಸಾದಾ ಸರ್ಟಿಫಿಕೇಟ್ ನಡೆಯಲ್ಲ. ಯಾವುದು ಕಳಿಸಿದ್ದೀರಿ ಅಂತ ಮೇಲ್‌ನಲ್ಲಿ ಬಿಡಿಸಿ ಬರೆದರೆ ಏಜೆಂಟ್ ಮತ್ತೆ ಕೇಳಬೇಕಾಗಿಲ್ಲ.

ಶಿಪ್ಪಿಂಗ್ ಬಿಲ್ ಮಾತ್ರ ಈ ಕಟ್ಟಿನಲ್ಲಿ ಸೇರಿಸಬೇಡಿ. ಅದು ನಮ್ಮ ಕಸ್ಟಮ್ಸ್‌ಗೆ, ನಮ್ಮ ಬ್ಯಾಂಕಿಗೆ ಬೇಕಾದದ್ದು. ಇರೋ ಸ್ಕ್ಯಾನೆಲ್ಲಾ ಒಟ್ಟಿಗೆ ಹಾಕಿಬಿಡೋ ಅಭ್ಯಾಸ ಇರುವವರು ಇಲ್ಲೇ ಎಡವುತ್ತಾರೆ.

ಕಳಿಸುವ ಮುಂಚೆ ಆರನ್ನೂ ಪಕ್ಕಪಕ್ಕ ಇಟ್ಟು ನೋಡಿ

ಖರೀದಿದಾರನ ಹೆಸರು, ಚೀಲದ ಲೆಕ್ಕ, ತೂಕ, ಕಂಟೇನರ್ ನಂಬರು. ಎಲ್ಲೆಲ್ಲಿ ಇವು ಬರುತ್ತವೋ ಅಲ್ಲೆಲ್ಲಾ ಒಂದೇ ಇರಬೇಕು. ಫೈಟೊ ಅರ್ಜಿಯನ್ನು ಲೋಡಿಂಗ್‌ಗೆ ಮುಂಚೆಯೇ ಹಾಕಿರುತ್ತಾರೆ. ಕೊನೇ ಗಳಿಗೆಯಲ್ಲಿ ನಾಲ್ಕು ಚೀಲ ಹಿಡಿಸದೆ ಉಳಿದರೆ ಪ್ಯಾಕಿಂಗ್ ಲಿಸ್ಟ್‌ನಲ್ಲಿ 496, ಫೈಟೊದಲ್ಲಿ 500 ಅಂತ ನಿಲ್ಲುತ್ತದೆ. ಇಂಥದ್ದು ಅಲ್ಲಿನ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಮಾಲು ನಿಂತಂತೆಯೇ.

ಬಿಎಲ್‌ನ ಡ್ರಾಫ್ಟ್ ಬಂದಾಗಲೇ ಖರೀದಿದಾರನಿಗೆ ಬೇರೆ ಮೇಲ್‌ನಲ್ಲಿ ಕಳಿಸಿ ಒಪ್ಪಿಗೆ ತಗೊಂಡಿರಬೇಕು. ಡ್ರಾಫ್ಟ್‌ನಲ್ಲಿ ಸ್ಪೆಲ್ಲಿಂಗ್ ತಿದ್ದೋದು ಸುಲಭ. ಬಿಎಲ್ ಹೊರಬಿದ್ದ ಮೇಲೆ ತಿದ್ದಬೇಕಂದರೆ ಲೈನ್‌ನವರು ಫೀ ಕೇಳುತ್ತಾರೆ, ದಿನಗಳೂ ಹೋಗುತ್ತವೆ.

ಬ್ಯಾಂಕ್ ಖಾತೆ ಬಗ್ಗೆ ಒಂದು ಸಾಲು

ಹಣ ಕೇಳುವ ಮೇಲ್ ಅಂದಮೇಲೆ ಕಳ್ಳರ ಕಣ್ಣೂ ಅದರ ಮೇಲಿರುತ್ತದೆ. ವರ್ತಕರ ಅಥವಾ ಖರೀದಿದಾರನ ಮೇಲ್ ಪಾಸ್‌ವರ್ಡ್ ಕದ್ದು ಒಳಗೆ ಕೂತು, ಸರಿಯಾದ ಹೊತ್ತಿಗೆ "ನಮ್ಮ ಖಾತೆ ಬದಲಾಗಿದೆ, ಈ ನಂಬರಿಗೆ ಹಾಕಿ" ಅಂತ ಬರೆಯೋದು ಇವರ ದಾರಿ. ವಿಳಾಸದಲ್ಲಿ ಒಂದಕ್ಷರ ಮಾತ್ರ ಬೇರೆ ಇರುತ್ತದೆ, ಅವಸರದಲ್ಲಿ ಕಾಣಿಸಲ್ಲ. ಆದ್ದರಿಂದ ಖಾತೆ ಇನ್‌ವಾಯ್ಸ್‌ನಲ್ಲಿ ಇರುವುದೇ, ಅದು ಬದಲಾಗುವುದಿಲ್ಲ, ಬದಲಾಗಿದೆ ಅಂತ ಯಾವ ಮೇಲ್ ಬಂದರೂ ಮೊದಲಿಂದ ಇರುವ ಫೋನ್ ನಂಬರಿಗೆ ಕರೆ ಮಾಡಿ ಕೇಳಿ ಅಂತ ಬರೆಯಿರಿ. ಆ ಮೇಲ್‌ನಲ್ಲಿ ಕೊಟ್ಟ ಹೊಸ ನಂಬರಿಗೆ ಕರೆ ಮಾಡಿದರೆ ಎತ್ತುವವನೂ ಕಳ್ಳನೇ.

ಕಳಿಸಿದ ಮೇಲೆ

ಜಿಮೇಲ್‌ನಲ್ಲಿ ಲಗತ್ತುಗಳೆಲ್ಲ ಸೇರಿ 25 ಎಂಬಿ ದಾಟಿದರೆ ಅದು ತಾನಾಗೇ ಡ್ರೈವ್ ಲಿಂಕ್ ಮಾಡಿಬಿಡುತ್ತದೆ. ಮೇಲ್ ಏಜೆಂಟ್‌ಗೆ ದಾಟಿದಾಗ ಆತನಿಗೆ ಲಿಂಕ್ ತೆರೆಯಲು ಪರ್ಮಿಷನ್ ಇರದೇ ಹೋಗಬಹುದು. ಮೊಬೈಲ್‌ನಲ್ಲಿ ಫೋಟೊ ಹೊಡೆದು ಹಾಕೋದಕ್ಕಿಂತ ಸ್ಕ್ಯಾನರ್‌ನಲ್ಲಿ ಕಪ್ಪು-ಬಿಳುಪು ಪಿಡಿಎಫ್ ಮಾಡಿದರೆ ಆರು ಕಾಗದವೂ ಹಗುರಾಗಿ ಹೋಗುತ್ತವೆ, ಸೀಲ್ ಮಾತ್ರ ಓದುವಂತಿರಲಿ.

12ನೇ ತಾರೀಖಿನ ಸಂಜೆಗೂ ಉತ್ತರ ಬರದಿದ್ದರೆ ಫೋನ್ ಮಾಡಲೇಬೇಕು. ಮೇಲ್ ನೋಡಿದ್ದಾನೆ ಅಂತ ಅಂದಾಜಿನಲ್ಲಿ ಕೂರೋದು ಬೇಡ. ಯಾವುದಾದರೂ ಕಾಗದ ತಿದ್ದಿ ಮತ್ತೆ ಕಳಿಸುವಾಗ ಆರನ್ನೂ ಪುನಃ ಹಾಕದೆ, ತಿದ್ದಿದ ಒಂದನ್ನೇ `02_PackingList_R1.pdf` ಅಂತ ಹೆಸರಿಟ್ಟು ಅದೇ ಮೇಲ್ ಸರಣಿಯಲ್ಲಿ ಕಳಿಸಿ. ಏನು ಬದಲಾಯ್ತು, ಹಳೇದನ್ನು ಬಳಸಬೇಡಿ ಅಂತ ಎರಡು ಸಾಲು ಜೊತೆಗಿರಲಿ. ಆ ವರ್ತಕರು ಎರಡನೇ ಕಂಟೇನರ್‌ಗೆ ಟೆಲೆಕ್ಸ್ ರಿಲೀಸ್ ಅಂತ ಮೊದಲ ಸಾಲಿನಲ್ಲೇ ಬರೆದರು. ಬಾಕಿ ಹಣ ಹಡಗು ಮುಟ್ಟುವ ಹಿಂದಿನ ದಿನ ಬಂತು.