ಓಟಕ್ಕೆ ಮುಂಚೆ ಎಷ್ಟು ಕಾಫಿ?

ಗೊಬ್ಬರದ ವಿಚಾರಕ್ಕೆಂದು ಸಂಘದ ಕಚೇರಿಗೆ ಬಂದಿದ್ದ ಸದಸ್ಯರೊಬ್ಬರು ಹೊರಡುವಾಗ ಕೇಳಿದರು: "ನಮ್ಮ ಮಗ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದಾನೆ. ಮುಂಚೆ ಎರಡು ಲೋಟ ಗಟ್ಟಿ ಕಾಫಿ ಕುಡಿದರೆ ದಮ್ಮು ಹೆಚ್ಚುತ್ತದಂತೆ, ಹೌದೇ?" ಕಾಫಿ ಬೆಳೆಯುವ ನಾವೇ ಹೌದೆಂದರೆ ವ್ಯಾಪಾರದ ಮಾತಾದೀತೆಂದು ವಿಚಾರಿಸಿ ನೋಡಿದೆವು.

ಅಮೆರಿಕದಲ್ಲಿ ಡೇವಿಡ್ ಕಾಸ್ಟಿಲ್ ಎಂಬವರು 1978ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂಬತ್ತು ಮಂದಿ ಸೈಕಲ್ ಸ್ಪರ್ಧಾಳುಗಳಿಗೆ ತುಳಿಯುವ ಒಂದು ಗಂಟೆ ಮುಂಚೆ 330 ಮಿಲಿಗ್ರಾಂ ಕೆಫೀನ್ ಇರುವ ಕಾಫಿ ಕೊಟ್ಟರು. ಇನ್ನೊಂದು ಸಲ ಕೆಫೀನ್ ತೆಗೆದ ಕಾಫಿ. ಕೆಫೀನ್ ತೆಗೆದ ಕಾಫಿ ಕುಡಿದಾಗ ಸುಮಾರು 75 ನಿಮಿಷಕ್ಕೆ ಸೋತವರು, ಇನ್ನೊಂದರಲ್ಲಿ 90 ನಿಮಿಷ ತುಳಿದರು. ಆದರೆ ಇದು ಸೋಲುವ ತನಕ ತುಳಿಯುವ ಪರೀಕ್ಷೆ. ಗೊತ್ತುಪಡಿಸಿದ ದೂರದ ಓಟದಲ್ಲಿ ಲಾಭ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಪಾಲು. ಐವತ್ತು ನಿಮಿಷದ ಓಟಗಾರನಿಗೆ ಒಂದು ನಿಮಿಷ ಉಳಿದರೆ ಹೆಚ್ಚು. ಕೆಲವರಿಗೆ ಅದೂ ಇಲ್ಲ.

ಕಾಫಿಯಿಂದ ಸ್ನಾಯುವಿಗೆ ಹೊಸ ಬಲವೇನೂ ಬರುವುದಿಲ್ಲ. ದುಡಿದಂತೆ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಕೂಡಿ ದಣಿವು ತಿಳಿಸುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಕೂತುಬಿಡುವುದರಿಂದ ಅದೇ ಶ್ರಮ ಹಗುರವೆನಿಸುತ್ತದೆ, ಅಷ್ಟೆ.

ಪ್ರಮಾಣವನ್ನು ಲೋಟದಲ್ಲಲ್ಲ, ಮೈತೂಕದಲ್ಲಿ ಲೆಕ್ಕ ಹಾಕಬೇಕು. ಕಿಲೋ ತೂಕಕ್ಕೆ 3 ಮಿಲಿಗ್ರಾಂ ಸಾಕು. ಆರು ದಾಟಿದರೆ ಲಾಭ ಹೆಚ್ಚದೆ ತೊಂದರೆ ಮಾತ್ರ ಹೆಚ್ಚುತ್ತದೆ. ಈ ಮಗನ ತೂಕ 60 ಕಿಲೋ, ಅಂದರೆ 180 ಮಿಲಿಗ್ರಾಂ. ಇನ್ನು ಪುಡಿಯ ಲೆಕ್ಕ, ಇದು ನಮ್ಮವರಿಗೆ ಸುಲಭ. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇಕಡಾ 1.2, ರೊಬಸ್ಟಾದಲ್ಲಿ 2.2, ಚಿಕೋರಿಯಲ್ಲಿ ಸೊನ್ನೆ. ಹದಿನೈದು ಗ್ರಾಂ ಶುದ್ಧ ಅರೇಬಿಕಾ ಪುಡಿಯಲ್ಲಿ 180 ಮಿಲಿಗ್ರಾಂ ಇರುತ್ತದೆ. ಅಷ್ಟೇ ರೊಬಸ್ಟಾದಲ್ಲಿ 330. ಎರಡನ್ನೂ ಸಮಪಾಲು ಬೆರೆಸಿ ನೂರಕ್ಕೆ ಮೂವತ್ತು ಚಿಕೋರಿ ಹಾಕಿದ ಮನೆಪುಡಿಯಾದರೆ ಮತ್ತೆ 180ರ ಹತ್ತಿರ. ಸ್ವಲ್ಪ ಭಾಗ ಚರಟದಲ್ಲೇ ಉಳಿಯುವುದರಿಂದ ಲೋಟಕ್ಕೆ ಇಳಿಯುವುದು ಇದಕ್ಕಿಂತ ತುಸು ಕಡಿಮೆ. ಬಣ್ಣ ನೋಡಿ ಗಟ್ಟಿ ಎನ್ನುವವರು ಚಿಕೋರಿಗೆ ಮೋಸಹೋಗುತ್ತಾರೆ!

ಆರೂವರೆಗೆ ಓಟವಾದರೆ ಐದೂವರೆಗೆ ಕುಡಿಯಲಿ, ಹಾಲು ಕಡಿಮೆ ಹಾಕಿಕೊಂಡು. ಕಾಫಿ ಕೆಲವರ ಹೊಟ್ಟೆಯನ್ನು ಬೇಗ ಕದಲಿಸುತ್ತದೆ. ಅದು ಮೂರನೇ ಕಿಲೋಮೀಟರಿನಲ್ಲಿ ಗೊತ್ತಾಗುವುದಕ್ಕಿಂತ ಅಭ್ಯಾಸದ ದಿನವೇ ಗೊತ್ತಾಗಲಿ. ಕೈ ನಡುಗಿದರೆ, ನಿಂತಲ್ಲೇ ಎದೆ ಡವಗುಟ್ಟಿದರೆ ಪ್ರಮಾಣ ಅವನಿಗೆ ಜಾಸ್ತಿಯಾಯಿತೆಂದೇ ಅರ್ಥ. ಮುಂದಿನ ಸಲ ಅರ್ಧಕ್ಕೆ ಇಳಿಸಬೇಕು. ಸಂಜೆ ಅಭ್ಯಾಸ ಮಾಡುವವರಿಗೆ ನಾವು ಬೇಡವೆನ್ನುತ್ತೇವೆ. ಕುಡಿದ ಕೆಫೀನಿನ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಐದಕ್ಕೆ ಕುಡಿದ 180ರಲ್ಲಿ ರಾತ್ರಿ ಹತ್ತಕ್ಕೂ 90 ಮೈಯಲ್ಲೇ ಇರುತ್ತದೆ; ಕೆಟ್ಟ ನಿದ್ದೆಯ ನಷ್ಟ ಆ ಒಂದು ನಿಮಿಷದ ಲಾಭಕ್ಕಿಂತ ದೊಡ್ಡದು.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 200, ದಿನಕ್ಕೆ 400 ಮಿಲಿಗ್ರಾಂ ಚಿಂತೆಯಿಲ್ಲದ ಮಿತಿಯೆಂದಿತು. ದಿನದ ಮಿತಿಯಲ್ಲಿ ತಿಂಡಿಯ ಜೊತೆಗಿನ ಲೋಟವೂ, ಚಹಾವೂ ಸೇರುತ್ತವೆ. ಹೃದಯದ ಬಡಿತದ ತೊಂದರೆ, ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳದೆ ಈ ಪ್ರಯೋಗಕ್ಕೆ ಇಳಿಯಬಾರದು.

ಮಗನಿಗೆ ಹದಿನೈದು ಗ್ರಾಂ ಮನೆಪುಡಿ ತೂಗಿ ಕೊಡಿ ಎಂದೆವು. "ಅವನಮ್ಮ ಅಳತೆ ನೋಡಿ ಪುಡಿ ಹಾಕಿದವಳೇ ಅಲ್ಲವಲ್ಲ" ಎನ್ನುತ್ತ ಸದಸ್ಯರು ಚೀಟಿ ಜೇಬಿಗಿಳಿಸಿ ಹೊರಟರು.